ಎಣ್ಣೆ ದಿಢೀರ್ ದುಬಾರಿಯಾದಾಗ ಕರಿದ ತಿಂಡಿಯ ಬೆಲೆಯನ್ನು ಮತ್ತೆ ಲೆಕ್ಕ ಹಾಕುವುದು ಹೇಗೆ?

ಎಣ್ಣೆ ಬೆಲೆ ಜಿಗಿದಾಗಲೆಲ್ಲ ಸಣ್ಣ ಅಂಗಡಿಯವರಿಂದ ಒಂದೇ ಪ್ರಶ್ನೆ ಬರುತ್ತದೆ. "ಎಣ್ಣೆ ಶೇ 40ರಷ್ಟು ಏರಿದೆ, ನಾನು ತಿಂಡಿಯ ಬೆಲೆ ಎಷ್ಟು ಏರಿಸಲಿ?" ಕೆಲವರು ಹೆದರಿ ಏನೂ ಏರಿಸುವುದಿಲ್ಲ. ಇನ್ನು ಕೆಲವರು ಎಲ್ಲದಕ್ಕೂ ಒಂದೇ ಸಮನಾಗಿ ಏರಿಸಿಬಿಡುತ್ತಾರೆ. ಎರಡರಲ್ಲೂ ನಷ್ಟವಿದೆ. ಎಷ್ಟು ಏರಿಸಬೇಕು ಅನ್ನೋದನ್ನು ಒಂದು ತಕ್ಕಡಿ, ಒಂದು ನೋಟ್‌ಬುಕ್ ಇದ್ದರೆ ಒಂದೇ ಸಂಜೆಯಲ್ಲಿ ಕಂಡುಹಿಡಿಯಬಹುದು.

ಲೆಕ್ಕ ಕಣ್ಣಿಗೆ ಕಟ್ಟಲಿ ಅಂತ ಒಬ್ಬ ಅಂಗಡಿಯವರನ್ನು ಜೊತೆಗಿಟ್ಟುಕೊಳ್ಳೋಣ. ಅವರು ಮಾರುವುದು ಎರಡೇ ಪದಾರ್ಥ. ಒಂದು, 100 ಗ್ರಾಂ ಪೊಟ್ಟಣದಲ್ಲಿ ತೆಳು ಆಲೂಗಡ್ಡೆ ಚಿಪ್ಸ್. ಇನ್ನೊಂದು, 150 ಗ್ರಾಂ ತಟ್ಟೆಯಲ್ಲಿ ಬಿಸಿಬಿಸಿಯಾಗಿ ಕೊಡುವ ದಪ್ಪ ಹೋಳಿನ ಆಲೂ ಫ್ರೈ. ವಾರಕ್ಕೆ 250 ಪೊಟ್ಟಣ, 300 ತಟ್ಟೆ ಹೋಗುತ್ತವೆ. ಪೊಟ್ಟಣದ ಬೆಲೆ 20, ತಟ್ಟೆಯ ಬೆಲೆ 15. ಎಣ್ಣೆ ಲೀಟರಿಗೆ 100 ಇದ್ದದ್ದು ಈಗ 140 ಆಗಿದೆ. ಈ ಅಂಕಿಗಳೆಲ್ಲ ಉದಾಹರಣೆಗೆ ಮಾತ್ರ. ಹಣದ ಹೆಸರನ್ನು ಬೇಕೆಂದೇ ಹಾಕಿಲ್ಲ, ನಿಮ್ಮ ಊರಿನ ಹಣ, ನಿಮ್ಮ ಅಂಗಡಿಯ ಅಂಕಿ ಹಾಕಿಕೊಳ್ಳಿ.

ಇಂಥ ಜಿಗಿತಕ್ಕೆ ಕಾರಣ ಎಷ್ಟೋ ಸಲ ನಮ್ಮ ಕಣ್ಣಳತೆಯ ಆಚೆ ಇರುತ್ತದೆ. 2022ರ ಫೆಬ್ರವರಿಯಲ್ಲಿ ಉಕ್ರೇನ್‌ನಲ್ಲಿ ಯುದ್ಧ ಶುರುವಾಗಿ ಸೂರ್ಯಕಾಂತಿ ಎಣ್ಣೆಯ ಸಾಗಣೆ ನಿಂತಿತು. ಮಾರ್ಚ್‌ನಲ್ಲಿ ಅಡುಗೆ ಎಣ್ಣೆಗಳ ಜಾಗತಿಕ ಬೆಲೆ ದಾಖಲೆ ಮಟ್ಟ ಮುಟ್ಟಿತು. ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ತಾಳೆ ಎಣ್ಣೆಯ ರಫ್ತನ್ನು ನಿಷೇಧಿಸಿತು, ಮೇ ತಿಂಗಳಲ್ಲೇ ತೆರವು ಮಾಡಿತು. ಹೀಗೆ ಕೆಲವೇ ವಾರಗಳಲ್ಲಿ ಗಾಳಿ ತಿರುಗಬಹುದು. ಅದಕ್ಕೇ ಅಂದಾಜಿನ ಮೇಲೆ ಬೆಲೆ ಇಡುವ ಬದಲು, ಅಂಕಿ ಬದಲಿಸಿದರೆ ಸಾಕು ಅನ್ನುವಂಥ ಲೆಕ್ಕವೊಂದು ಕೈಯಲ್ಲಿರಬೇಕು.

ಹಂತ 1: ವಾರಕ್ಕೆ ಎಷ್ಟು ಎಣ್ಣೆ ಹೋಗುತ್ತಿದೆ ಎಂದು ತಿಳಿಯಿರಿ

"ವಾರಕ್ಕೆ ಇಷ್ಟು ಡಬ್ಬಿ ತರುತ್ತೇನೆ" ಅನ್ನೋದು ಖರೀದಿಯ ಲೆಕ್ಕ, ಖರ್ಚಿನ ಲೆಕ್ಕ ಅಲ್ಲ. ವಾರದ ಮೊದಲ ದಿನ ಅಂಗಡಿಯಲ್ಲಿ ಇರುವ ಎಣ್ಣೆಯನ್ನೆಲ್ಲ ಅಳೆಯಿರಿ. ಬಾಣಲೆಯಲ್ಲಿ ಇರುವುದನ್ನೂ ಸೇರಿಸಿ. ಅದಕ್ಕೆ ಆ ವಾರ ತಂದದ್ದನ್ನು ಕೂಡಿಸಿ, ವಾರದ ಕೊನೆಯಲ್ಲಿ ಉಳಿದದ್ದನ್ನು ಕಳೆಯಿರಿ. ನಮ್ಮ ಅಂಗಡಿಯವರ ಬಳಿ ಮೊದಲು 6 ಲೀಟರ್ ಇತ್ತು, 22 ಲೀಟರ್ ತಂದರು, ಕೊನೆಗೆ 8 ಉಳಿಯಿತು. ಅಂದರೆ ಖರ್ಚಾದದ್ದು 20 ಲೀಟರ್. ಅದರಲ್ಲಿ ಕಪ್ಪಾಗಿ ಚೆಲ್ಲಿದ್ದು 5 ಲೀಟರ್. ಉಳಿದ 15 ಲೀಟರ್ ತಿಂಡಿಯ ಜೊತೆ ಗಿರಾಕಿಗಳ ಕೈ ಸೇರಿದೆ.

ಎಣ್ಣೆಯನ್ನು ಆರಿದ ಮೇಲೆಯೇ ಅಳೆಯಿರಿ. ಕುದಿಬಿಸಿ ಎಣ್ಣೆ ಎತ್ತಾಡುವುದು ಅಪಾಯ. ಜೊತೆಗೆ ಕಾದ ಎಣ್ಣೆ ಹಿಗ್ಗುತ್ತದೆ. ಕರಿಯುವ ಶಾಖದಲ್ಲಿ ಅದರ ಗಾತ್ರ ಸುಮಾರು ಹತ್ತನೇ ಒಂದು ಭಾಗದಷ್ಟು ಜಾಸ್ತಿ ಕಾಣುತ್ತದೆ. ಬಾಣಲೆ ತುಂಬಿದಂತೆ ಕಂಡರೂ ಎಣ್ಣೆ ಅಷ್ಟಿರುವುದಿಲ್ಲ.

ಇನ್ನೊಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಒಂದು ಲೀಟರ್ ಎಣ್ಣೆ ಒಂದು ಕಿಲೋ ತೂಗುವುದಿಲ್ಲ. ಹೆಚ್ಚುಕಡಿಮೆ 910ರಿಂದ 920 ಗ್ರಾಂ ತೂಗುತ್ತದೆ. ಹಾಗಾಗಿ 15 ಲೀಟರ್ ಡಬ್ಬಿಯಲ್ಲಿ 14 ಕಿಲೋಗಿಂತ ಕಡಿಮೆ ಎಣ್ಣೆ ಇರುತ್ತದೆ, 15 ಕಿಲೋ ಡಬ್ಬಿಯಲ್ಲಿ 16 ಲೀಟರಿಗಿಂತ ಜಾಸ್ತಿ ಇರುತ್ತದೆ. ಬೆಲೆ ಏರಿದ ಸಮಯದಲ್ಲಿ "ಈ ಡಬ್ಬಿ ಸ್ವಲ್ಪ ಅಗ್ಗ" ಎಂದು ಯಾರಾದರೂ ತೋರಿಸಿದರೆ ಮೊದಲು ನೋಡಬೇಕಾದ್ದು ಅದರ ಮೇಲೆ ಬರೆದಿರುವ ನಿವ್ವಳ ತೂಕ, ಅಂದರೆ ಡಬ್ಬಿಯ ತೂಕ ಬಿಟ್ಟು ಎಣ್ಣೆಯದ್ದಷ್ಟೇ ತೂಕ. ಎರಡೂ ಡಬ್ಬಿಗಳ ಬೆಲೆಯನ್ನು ಕಿಲೋ ಲೆಕ್ಕಕ್ಕೆ ತಂದು ಹೋಲಿಸಿದರೆ ಅಗ್ಗ ಯಾವುದು ಎಂದು ತಿಳಿಯುತ್ತದೆ.

ಹಂತ 2: ಯಾವ ತಿಂಡಿ ಎಷ್ಟು ಎಣ್ಣೆ ಕುಡಿಯುತ್ತದೆ ಎಂದು ತೂಗಿ ನೋಡಿ

ಇಡೀ ಲೆಕ್ಕ ನಿಂತಿರುವುದು ಈ ಹಂತದ ಮೇಲೆ. ಬಹಳ ಜನ ಬಿಟ್ಟುಬಿಡುವುದೂ ಇದನ್ನೇ.

ಎಲ್ಲ ತಿಂಡಿಯೂ ಒಂದೇ ಪ್ರಮಾಣದಲ್ಲಿ ಎಣ್ಣೆ ಹೀರುವುದಿಲ್ಲ. ತೆಳು ಚಿಪ್ಸ್‌ನ ತೂಕದಲ್ಲಿ ಮೂರನೇ ಒಂದು ಭಾಗ ಎಣ್ಣೆಯೇ ಇರುತ್ತದೆ. ದಪ್ಪ ಹೋಳಿನಲ್ಲಿ ನೂರಕ್ಕೆ 10ರಿಂದ 15ರಷ್ಟು ಮಾತ್ರ. ಕಾರಣ ಸರಳ. ಎಣ್ಣೆ ಸೇರಿಕೊಳ್ಳುವುದು ಮುಖ್ಯವಾಗಿ ತಿಂಡಿಯ ಮೇಲ್ಪದರದಲ್ಲಿ. ತೆಳುವಾಗಿ ಹೆಚ್ಚಿದಷ್ಟೂ ಅದೇ ತೂಕಕ್ಕೆ ಮೇಲ್ಪದರ ಜಾಸ್ತಿ.

ನಿಮ್ಮ ಅಂಗಡಿಯ ಅಂಕಿ ತಿಳಿಯಲು ಹೀಗೆ ಮಾಡಿ. ಒಂದು ದಿನ, ಅಥವಾ ಅರ್ಧ ದಿನ, ಒಂದು ಬಾಣಲೆಯಲ್ಲಿ ಒಂದೇ ಪದಾರ್ಥ ಕರಿಯಿರಿ. ಶುರುವಿನಲ್ಲಿ ಎಣ್ಣೆಯನ್ನು ತೂಗಿ ಹಾಕಿ. ನಡುವೆ ಸೇರಿಸಿದ್ದನ್ನೂ ತೂಗಿ ಬರೆದುಕೊಳ್ಳಿ. ಕೊನೆಗೆ ಆರಿದ ಎಣ್ಣೆಯನ್ನು ತೂಗಿ. ನಮ್ಮ ಅಂಗಡಿಯವರು ಚಿಪ್ಸ್‌ಗೆ 8 ಕಿಲೋ ಎಣ್ಣೆಯಿಂದ ಶುರು ಮಾಡಿದರು, 2 ಕಿಲೋ ಸೇರಿಸಿದರು, ಕೊನೆಗೆ 8.35 ಕಿಲೋ ಉಳಿಯಿತು. ಹೋದದ್ದು 1.65 ಕಿಲೋ. ತಯಾರಾದ ಚಿಪ್ಸ್ 5 ಕಿಲೋ, ಅಂದರೆ 50 ಪೊಟ್ಟಣ. ಒಂದು ಪೊಟ್ಟಣಕ್ಕೆ 33 ಗ್ರಾಂ, ಲೀಟರ್ ಲೆಕ್ಕದಲ್ಲಿ ಸುಮಾರು 36 ಮಿಲಿ. ದಪ್ಪ ಹೋಳಿಗೂ ಹೀಗೇ ಮಾಡಿದಾಗ ತಟ್ಟೆಗೆ 18 ಗ್ರಾಂ, ಅಂದರೆ 20 ಮಿಲಿ ಬಂತು.

ಈಗ ಎರಡೂ ಹಂತದ ಲೆಕ್ಕ ಒಂದಕ್ಕೊಂದು ಹೊಂದುತ್ತದೆಯೇ ನೋಡೋಣ. 250 ಪೊಟ್ಟಣಕ್ಕೆ 9 ಲೀಟರ್, 300 ತಟ್ಟೆಗೆ 6 ಲೀಟರ್, ಒಟ್ಟು 15. ಮೊದಲ ಹಂತದಲ್ಲಿ ಬಂದ 15ಕ್ಕೆ ಸರಿಹೋಯಿತು. ನಿಮ್ಮ ಲೆಕ್ಕದಲ್ಲಿ ಒಂದೆರಡು ಲೀಟರ್ ಆಚೀಚೆ ಆದರೆ ಚಿಂತೆ ಬೇಡ. ನಾಲ್ಕೈದು ಲೀಟರ್ ವ್ಯತ್ಯಾಸ ಬಂದರೆ ಮಾತ್ರ ಹುಡುಕಬೇಕು. ಎಣ್ಣೆ ಸೋರುತ್ತಿರಬಹುದು, ಚೆಲ್ಲಿದ್ದನ್ನು ಬರೆಯದೆ ಬಿಟ್ಟಿರಬಹುದು, ಇಲ್ಲವೇ ಮನೆಯ ಅಡುಗೆಗೂ ಅದೇ ಡಬ್ಬಿ ಬಳಕೆಯಾಗುತ್ತಿರಬಹುದು.

ಚೆಲ್ಲಿದ 5 ಲೀಟರನ್ನು ಮರೆಯಬೇಡಿ. ಅದಕ್ಕೂ ದುಡ್ಡು ಕೊಟ್ಟಿದ್ದೀರಿ ಅಲ್ವಾ? ಅದನ್ನು ಹೀರಿದ ಎಣ್ಣೆಯ ಅನುಪಾತದಲ್ಲೇ ಹಂಚಿ. ಚಿಪ್ಸ್‌ಗೆ 3 ಲೀಟರ್, ದಪ್ಪ ಹೋಳಿಗೆ 2. ಹಾಗಾಗಿ ಒಂದು ಪೊಟ್ಟಣದ ನಿಜವಾದ ಎಣ್ಣೆ ಖರ್ಚು 12 ಲೀಟರನ್ನು 250ರಿಂದ ಭಾಗಿಸಿದರೆ ಬರುವ 48 ಮಿಲಿ. ತಟ್ಟೆಗೆ 8 ಲೀಟರನ್ನು 300ರಿಂದ ಭಾಗಿಸಿದರೆ ಸುಮಾರು 27 ಮಿಲಿ.

ಹಂತ 3: ಯಾವ ಬೆಲೆಯ ಎಣ್ಣೆ ಲೆಕ್ಕಕ್ಕೆ ಹಿಡಿಯಬೇಕು?

ಅಂಗಡಿಯ ಮೂಲೆಯಲ್ಲಿ ಹಳೇ ಬೆಲೆಯ ಒಂದು ಡಬ್ಬಿ ಉಳಿದಿದೆ ಅಂದುಕೊಳ್ಳಿ. "ಇದು ಮುಗಿಯುವ ತನಕ ಹಳೇ ಬೆಲೆಗೇ ಮಾರೋಣ" ಅನ್ನಿಸುವುದು ಸಹಜ. ಆದರೆ ಲೆಕ್ಕಕ್ಕೆ ಹಿಡಿಯಬೇಕಾದ್ದು ಮುಂದೆ ತರುವ ಡಬ್ಬಿಯ ಬೆಲೆಯನ್ನು. ನಮ್ಮ ಅಂಗಡಿಯವರಿಗೆ ವಾರದ 20 ಲೀಟರಿಗೆ 2000 ಸಾಕಾಗುತ್ತಿತ್ತು, ಈಗ 2800 ಬೇಕು. ಹಳೇ ಬೆಲೆಗೆ ಮಾರಿ ಬಂದ ಹಣದಲ್ಲಿ ಹೊಸ ಬೆಲೆಯ 20 ಲೀಟರ್ ತರಲು ಆಗುವುದಿಲ್ಲ. 14 ಲೀಟರ್ ಕೈಗೆ ಬರುತ್ತದೆ, ಉಳಿದ 6 ಲೀಟರಿಗೆ ಸಾಲ ಮಾಡಬೇಕು ಅಥವಾ ಮನೆಯ ಹಣ ಹಾಕಬೇಕು.

ಹಳೇ ಡಬ್ಬಿಯಿಂದ ಒಂದು ಉಪಯೋಗ ಖಂಡಿತ ಇದೆ. ಅದು ನಿಮಗೆ ಕೆಲವು ದಿನ ಸಮಯ ಕೊಡುತ್ತದೆ. ಆ ದಿನಗಳಲ್ಲಿ ತೂಗಿ ನೋಡಿ, ಲೆಕ್ಕ ಮುಗಿಸಿ, ಗಿರಾಕಿಗಳಿಗೆ ಮೊದಲೇ ತಿಳಿಸಿ.

ಹಂತ 4: ಒಂದೊಂದು ಪದಾರ್ಥಕ್ಕೂ ಎಷ್ಟು ಏರಿಕೆ?

ಇಲ್ಲಿ ಗುಣಾಕಾರ ಬಿಟ್ಟರೆ ಬೇರೇನಿಲ್ಲ. ಲೀಟರಿಗೆ 40 ಏರಿದೆ, ಅಂದರೆ ಮಿಲಿಗೆ 0.04. ಪೊಟ್ಟಣಕ್ಕೆ 48 ಮಿಲಿಯಾದರೆ ಏರಿಕೆ 1.92. ತಟ್ಟೆಗೆ 27 ಮಿಲಿಯಾದರೆ 1.08.

ಎಣ್ಣೆ ಶೇ 40 ಏರಿದರೂ ಚಿಪ್ಸ್‌ನ ಖರ್ಚು ಮಾರುವ ಬೆಲೆಯ ಶೇ 10ರಷ್ಟೂ ಏರಿಲ್ಲ. ದಪ್ಪ ಹೋಳಿನಲ್ಲಿ ಇನ್ನೂ ಕಡಿಮೆ, ಸುಮಾರು ಶೇ 7. ಇದನ್ನು ಕಂಡರೆ ಅರ್ಧ ಭಯ ಹೋಗುತ್ತದೆ. ಗಿರಾಕಿಗೆ ಹೇಳುವ ಮಾತಿಗೂ ಬಲ ಬರುತ್ತದೆ.

ಈಗ ಪೊಟ್ಟಣದ ಪೂರ್ತಿ ಲೆಕ್ಕ ನೋಡೋಣ. ಆಲೂಗಡ್ಡೆಗೆ 6, ಎಣ್ಣೆಗೆ 4.80, ಉಪ್ಪು ಮತ್ತು ಪೊಟ್ಟಣಕ್ಕೆ 1.20, ಇಂಧನಕ್ಕೆ 1. ಒಟ್ಟು 13. ಮಾರುವುದು 20ಕ್ಕೆ, ಹಾಗಾಗಿ 7 ಉಳಿಯುತ್ತಿತ್ತು. ಈ ಉಳಿಕೆಯನ್ನೇ ಮಾರ್ಜಿನ್ ಅನ್ನುತ್ತಾರೆ. ಬಾಡಿಗೆ, ಆಳಿನ ಸಂಬಳ, ಮನೆ ಖರ್ಚು ಎಲ್ಲ ಬರಬೇಕಾದ್ದು ಇದರಿಂದಲೇ. ಎಣ್ಣೆ ಏರಿದ ಮೇಲೆ ಖರ್ಚು 14.92. ಬೆಲೆ ಏರಿಸದಿದ್ದರೆ ಉಳಿಯುವುದು 5.08.

ಇಲ್ಲೊಂದು ತಪ್ಪು ಹೆಜ್ಜೆ ಇದೆ. "ಖರ್ಚು 13 ಇದ್ದಾಗ ಬೆಲೆ 20. ಖರ್ಚು 14.92 ಆದರೆ ಅದೇ ಅನುಪಾತದಲ್ಲಿ ಬೆಲೆ ಎಷ್ಟು?" ಎಂದು ಕೆಲವರು ಲೆಕ್ಕ ಹಾಕುತ್ತಾರೆ. ಉತ್ತರ ಹೆಚ್ಚುಕಡಿಮೆ 23 ಬರುತ್ತದೆ. ಆದರೆ ಎಣ್ಣೆ ಏರಿತೆಂದು ನಿಮ್ಮ ಬಾಡಿಗೆ ಏರಿಲ್ಲ, ಸಂಬಳವೂ ಏರಿಲ್ಲ. ನಿಮಗೆ ಮೊದಲಿನ 7 ಉಳಿದರೆ ಸಾಕು. ಅದಕ್ಕೆ 22 ಸರಿಯಾದ ಬೆಲೆ. 23 ಇಟ್ಟರೆ ಎಣ್ಣೆಯ ಹೆಸರಿನಲ್ಲಿ ಲಾಭವನ್ನೂ ಏರಿಸಿದಂತಾಗುತ್ತದೆ. ಪಕ್ಕದ ಅಂಗಡಿಯಲ್ಲಿ 22 ಕಂಡ ಗಿರಾಕಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಇದಕ್ಕೆ ಒಂದು ಅಪವಾದ ಇದೆ. ನಿಮ್ಮ ಪೊಟ್ಟಣವನ್ನು ಬೇರೆಯವರು ಮಾರಿ ಬೆಲೆಯ ಮೇಲೆ ಶೇಕಡಾವಾರು ಕಮಿಷನ್ ತೆಗೆದುಕೊಳ್ಳುತ್ತಿದ್ದರೆ, ಏರಿಸಿದ ಹಣದಲ್ಲೂ ಅವರ ಪಾಲು ಹೋಗುತ್ತದೆ. ಕಮಿಷನ್ ಶೇ 20 ಆದರೆ 1.92 ನಿಮ್ಮ ಕೈಗೆ ಬರಲು ಬೆಲೆ 2.40 ಏರಬೇಕು. ಅಂದರೆ 1.92ನ್ನು 0.80ರಿಂದ ಭಾಗಿಸಬೇಕು.

ಹಂತ 5: ಚಿಲ್ಲರೆಗೆ ಹೊಂದುವಂತೆ ಪೂರ್ಣಾಂಕ ಮಾಡಿ, ಆಮೇಲೆ ಒಟ್ಟು ನೋಡಿ

21.92 ಎಂದು ಬೋರ್ಡಿನಲ್ಲಿ ಬರೆಯಲು ಆಗುವುದಿಲ್ಲ. ಪೊಟ್ಟಣ 22, ತಟ್ಟೆ 16 ಎಂದು ಇಡೋಣ. ತಟ್ಟೆಯಲ್ಲಿ ಕೊಂಚ ಕಡಿಮೆ ಬಂತು, ಪೊಟ್ಟಣದಲ್ಲಿ ಕೊಂಚ ಜಾಸ್ತಿ ಬಂತು. ಒಟ್ಟು ಏನಾಯಿತು? ವಾರದ ಎಣ್ಣೆ ಖರ್ಚು ಏರಿದ್ದು 800. ಪೊಟ್ಟಣಕ್ಕೆ 2ರಂತೆ 500, ತಟ್ಟೆಗೆ 1ರಂತೆ 300, ಒಟ್ಟು 800 ಬಂತು. ಪೂರ್ಣಾಂಕ ಮಾಡುವಾಗ ಒಂದೊಂದನ್ನೂ ಮೇಲಕ್ಕೇ ತಳ್ಳಬೇಕಿಲ್ಲ. ಒಟ್ಟು ಸರಿದೂಗಿದರೆ ಸಾಕು.

ಸಣ್ಣ ಚಿಲ್ಲರೆ ಸಿಗದ ಕಡೆ 1 ಅಥವಾ 2 ಏರಿಸುವುದು ಕಷ್ಟ. ಆಗ ಹೆಚ್ಚು ಎಣ್ಣೆ ಕುಡಿಯುವ ಚಿಪ್ಸ್ ಮೇಲೆಯೇ ಪೂರ್ತಿ ಏರಿಕೆ ಹಾಕಿ, ತಟ್ಟೆಯನ್ನು ಹಾಗೇ ಬಿಡಬಹುದು. ಆದರೆ ಮುಂದಿನ ಹಂತದ ಲೆಕ್ಕ ನೋಡದೆ ಅದನ್ನು ಮಾಡಬೇಡಿ.

ಹಂತ 6: ಎಷ್ಟು ಗಿರಾಕಿ ಕಡಿಮೆಯಾದರೂ ತಡೆದುಕೊಳ್ಳಬಹುದು?

"ಬೆಲೆ ಏರಿಸಿದರೆ ಜನ ಬರಲ್ಲ" ಅನ್ನುವ ಹೆದರಿಕೆಗೂ ಒಂದು ಅಂಕಿ ಕೊಡಬಹುದು. ಬೆಲೆ ಏರಿಸದೆ 250 ಪೊಟ್ಟಣ ಮಾರಿದರೆ ಉಳಿಯುವುದು 250 ಸಲ 5.08, ಅಂದರೆ 1270. ಬೆಲೆ 22 ಆದರೆ ಪ್ರತಿ ಪೊಟ್ಟಣಕ್ಕೆ 7.08 ಉಳಿಯುತ್ತದೆ. 1270ನ್ನು 7.08ರಿಂದ ಭಾಗಿಸಿದರೆ ಸುಮಾರು 180. ಮಾರಾಟ 250ರಿಂದ 180ಕ್ಕೆ ಇಳಿಯುವ ತನಕವೂ ಬೆಲೆ ಏರಿಸಿದ್ದೇ ಲಾಭ. ತಟ್ಟೆಯಲ್ಲಿ ಜಾಗ ಇಷ್ಟಿಲ್ಲ. ತಟ್ಟೆಯ ಪೂರ್ತಿ ಖರ್ಚನ್ನೂ ಪೊಟ್ಟಣದಂತೆಯೇ ಬರೆದು ಇದೇ ಲೆಕ್ಕ ಮಾಡಿದಾಗ ನಮ್ಮ ಅಂಗಡಿಯವರಿಗೆ ಬಂದ ಉತ್ತರ, 300ರಿಂದ ಸುಮಾರು 255ರ ತನಕ ಮಾತ್ರ ತಡೆದುಕೊಳ್ಳಬಹುದು.

ಸುಲಭ ಸೂತ್ರ ಇದು: ಏರಿಸಿದ ಮೊತ್ತವನ್ನು ಏರಿಸಿದ ಮೇಲೆ ಉಳಿಯುವ ಮಾರ್ಜಿನ್‌ನಿಂದ ಭಾಗಿಸಿ. ಚಿಪ್ಸ್‌ಗೆ 2 ಭಾಗಿಸು 7.08, ಅಂದರೆ ಶೇ 28. ಅಷ್ಟು ಮಾರಾಟ ಕುಸಿಯುವ ತನಕ ಹೆದರಬೇಕಾಗಿಲ್ಲ. ಆದರೆ ಚಿಪ್ಸ್‌ಗೆಂದು ಬಂದವರು ತಟ್ಟೆಯನ್ನೂ ಕೊಳ್ಳುವ ಅಂಗಡಿಯಾದರೆ, ಒಬ್ಬ ಗಿರಾಕಿ ಹೋದಾಗ ಎರಡೂ ಮಾರಾಟ ಹೋಗುತ್ತದೆ. ಅಲ್ಲಿ ಈ ಶೇ 28ನ್ನು ಪೂರ್ತಿ ನಂಬಬೇಡಿ.

ಹಂತ 7: ಬೆಲೆ ಏರಿಸದೆ ತೂಕ ಇಳಿಸಲು ಹೊರಟವರಿಗೆ

ಪೊಟ್ಟಣದ ಬೆಲೆ 20ರಲ್ಲೇ ಇಟ್ಟು ತೂಕ ಇಳಿಸೋಣ ಎಂದರೆ ಎಷ್ಟು ಇಳಿಸಬೇಕು? ಪೊಟ್ಟಣದೊಳಗಿನ ಆಲೂಗಡ್ಡೆ ಮತ್ತು ಎಣ್ಣೆಗೆ ಈಗ 12.72 ಆಗುತ್ತದೆ. ಅಂದರೆ ಗ್ರಾಂಗೆ ಸುಮಾರು 0.13. ಅದರಲ್ಲಿ 1.92 ಉಳಿಸಲು 15 ಗ್ರಾಂ ತೆಗೆಯಬೇಕು. ಗಿರಾಕಿಗೆ ಸಿಗುವುದು 85 ಗ್ರಾಂ. 100 ಗ್ರಾಂ ಲೆಕ್ಕದಲ್ಲಿ ಅವರು ಕೊಡುತ್ತಿರುವುದು ಸುಮಾರು 23.50. ನೇರವಾಗಿ 22 ಮಾಡಿದ್ದರೆ ಅವರಿಗೇ ಅಗ್ಗ ಬೀಳುತ್ತಿತ್ತು!

ಅದಕ್ಕೇ ನನ್ನ ಸಲಹೆ, ಬೆಲೆ ಏರಿಸಿ, ತೂಕ ಮುಟ್ಟಬೇಡಿ. ಚಿಲ್ಲರೆ ತೊಂದರೆಯಿಂದ ತೂಕ ಇಳಿಸಲೇಬೇಕಾದರೆ ಹೊಸ ತೂಕವನ್ನು ಪೊಟ್ಟಣದ ಮೇಲೆ ಕಾಣುವಂತೆ ಬರೆಯಿರಿ. 100 ಎಂದು ಬರೆದು 85 ತುಂಬುವುದು ಮೋಸ, ಎಲ್ಲಿಯೂ ಅದು ಕಾನೂನಿಗೆ ಒಪ್ಪುವುದಿಲ್ಲ.

ಹಂತ 8: ಎಣ್ಣೆ ಉಳಿಸಿ, ಆದರೆ ಹಳೇ ಎಣ್ಣೆಯನ್ನು ಎಳೆಯಬೇಡಿ

ಎಣ್ಣೆ ದುಬಾರಿಯಾದಾಗ ಮೊದಲು ಬರುವ ಆಸೆ, ಚೆಲ್ಲುವ ಎಣ್ಣೆಯನ್ನು ಇನ್ನೆರಡು ದಿನ ಬಳಸೋಣ ಎಂಬುದು. ಇದು ಆರೋಗ್ಯಕ್ಕೂ ಕೆಟ್ಟದ್ದು, ಲೆಕ್ಕಕ್ಕೂ ಕೆಟ್ಟದ್ದು. ಮತ್ತೆ ಮತ್ತೆ ಕಾದ ಎಣ್ಣೆ ಒಡೆದು ಮಂದವಾಗುತ್ತದೆ. ಮಂದವಾದ ಎಣ್ಣೆ ತಿಂಡಿಗೆ ಅಂಟಿಕೊಂಡು ಬರುತ್ತದೆ, ಹೀಗಾಗಿ ತಿಂಡಿ ಇನ್ನಷ್ಟು ಎಣ್ಣೆ ಕುಡಿಯುತ್ತದೆ. ಚೆಲ್ಲುವುದರಲ್ಲಿ ಉಳಿಸಿದ್ದು ಪೊಟ್ಟಣದಲ್ಲಿ ಹೋಗುತ್ತದೆ. ಎಣ್ಣೆ ಒಡೆದಾಗ ಹುಟ್ಟುವ ಪದಾರ್ಥಗಳನ್ನು ಒಟ್ಟಾಗಿ ಟೋಟಲ್ ಪೋಲಾರ್ ಕಾಂಪೌಂಡ್ಸ್ ಅನ್ನುತ್ತಾರೆ. ಅವು ಶೇ 24ರಿಂದ 27 ದಾಟಿದ ಎಣ್ಣೆಯನ್ನು ಚೆಲ್ಲಬೇಕು ಎಂಬ ನಿಯಮ ಹಲವು ದೇಶಗಳಲ್ಲಿದೆ. ಅಳೆಯುವ ಉಪಕರಣ ಇಲ್ಲದಿದ್ದರೂ ಗುರುತು ಸಿಗುತ್ತದೆ: ಬಣ್ಣ ಗಾಢವಾಗುವುದು, ತಿಂಡಿ ಹಾಕಿದಾಗ ಎದ್ದ ಸಣ್ಣ ನೊರೆ ಬೇಗ ಇಳಿಯದಿರುವುದು, ಮಾಮೂಲಿ ಶಾಖದಲ್ಲೇ ಹೊಗೆ ಬರುವುದು, ಕಮಟು ವಾಸನೆ.

ನಿಜವಾಗಿ ಉಳಿತಾಯ ಇರುವುದು ತಿಂಡಿಯನ್ನು ಬಾಣಲೆಯಿಂದ ಎತ್ತುವ ಗಳಿಗೆಯಲ್ಲಿ. ಕರಿಯುವಾಗ ತಿಂಡಿಯೊಳಗಿನ ನೀರು ಹಬೆಯಾಗಿ ಹೊರಗೆ ನುಗ್ಗುತ್ತಿರುತ್ತದೆ, ಅದು ಎಣ್ಣೆಯನ್ನು ಒಳಗೆ ಬಿಡುವುದಿಲ್ಲ. ಎತ್ತಿದ ಕೂಡಲೇ ತಿಂಡಿ ಆರತೊಡಗುತ್ತದೆ, ಹಬೆ ಕುಗ್ಗುತ್ತದೆ, ಮೇಲೆ ಅಂಟಿರುವ ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೆಚ್ಚಿನ ಎಣ್ಣೆ ಒಳಗೆ ಹೋಗುವುದು ಆಗಲೇ. ಆದ್ದರಿಂದ ಜಾಲರಿಯಲ್ಲಿ ಎತ್ತಿದ ತಕ್ಷಣ, ಬಿಸಿ ಇರುವಾಗಲೇ, ಬಾಣಲೆಯ ಮೇಲೆಯೇ ಚೆನ್ನಾಗಿ ಕೊಡವಿ. ತಟ್ಟೆಗೆ ಸುರಿದು ಆರಿದ ಮೇಲೆ ಕೊಡವಿದರೆ ಏನೂ ಉಪಯೋಗವಿಲ್ಲ.

ಇದರ ಜೊತೆಗೆ ಹೋಳುಗಳನ್ನು ಬಟ್ಟೆಯಲ್ಲಿ ಒರೆಸಿ ಹಾಕಿ, ಎಣ್ಣೆಯ ಶಾಖ 170ರಿಂದ 180 ಡಿಗ್ರಿ ಸೆಲ್ಸಿಯಸ್ ಇರಲಿ. ಒಮ್ಮೆಗೇ ಜಾಸ್ತಿ ಹಾಕಿದರೆ ಶಾಖ ಕುಸಿದು ತಿಂಡಿ ಎಣ್ಣೆಯಲ್ಲಿ ನೆನೆಯುತ್ತದೆ. ಪುಡಿ, ಚೂರುಗಳನ್ನು ಆಗಾಗ ಸೋಸಿ ತೆಗೆಯಿರಿ, ಎಣ್ಣೆ ಬೇಗ ಕಪ್ಪಾಗುವುದಕ್ಕೆ ಸುಟ್ಟ ಚೂರೇ ದೊಡ್ಡ ಕಾರಣ. ಈ ಬದಲಾವಣೆಗಳ ನಂತರ ಎರಡನೇ ಹಂತದ ತೂಕವನ್ನು ಮತ್ತೊಮ್ಮೆ ಮಾಡಿ. ಪೊಟ್ಟಣಕ್ಕೆ 48 ಮಿಲಿ ಇದ್ದದ್ದು 42ಕ್ಕೆ ಇಳಿದರೆ, ಹೊಸ ಬೆಲೆಯ ಎಣ್ಣೆಯಲ್ಲಿ ಪೊಟ್ಟಣಕ್ಕೆ 0.84 ಉಳಿಯಿತು. ಆಗ 2 ಏರಿಸುವ ಬದಲು 1 ಏರಿಸಿದರೂ ಹೆಚ್ಚುಕಡಿಮೆ ಸರಿಹೋಗುತ್ತದೆ.

ಹಂತ 9: ಏರುವುದಕ್ಕೂ ಇಳಿಯುವುದಕ್ಕೂ ಒಂದೇ ಪಟ್ಟಿ

ಎಣ್ಣೆ ಲೀಟರಿಗೆ 20 ಏರಿದರೆ ಪೊಟ್ಟಣದ ಖರ್ಚು 0.96 ಏರುತ್ತದೆ, ಹತ್ತಿರ ಹತ್ತಿರ 1. ಇದನ್ನು ಹಿಡಿದು ನಮ್ಮ ಅಂಗಡಿಯವರು ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಹೀಗೆ ಬರೆದುಕೊಂಡರು: ಎಣ್ಣೆ 100 ಆದರೆ ಪೊಟ್ಟಣ 20, ಎಣ್ಣೆ 120 ಆದರೆ 21, 140 ಆದರೆ 22, 160 ಆದರೆ 23. ತಟ್ಟೆ 16ಕ್ಕೆ ಏರುವುದು ಎಣ್ಣೆ 140 ಮುಟ್ಟಿದಾಗ. ಲೀಟರಿಗೆ ನಾಲ್ಕೈದು ಆಚೀಚೆ ಆದಾಗ ಬೋರ್ಡ್ ಬದಲಿಸುವುದಿಲ್ಲ. ಒಂದು ಮೆಟ್ಟಿಲು ದಾಟಿ ಎರಡು ವಾರ ಅಲ್ಲೇ ನಿಂತರೆ ಮಾತ್ರ ಬದಲಿಸುತ್ತಾರೆ.

ಇಳಿಯುವಾಗಲೂ ಇದೇ ಪಟ್ಟಿ ನಡೆಯಬೇಕು. ಎಣ್ಣೆ 120ಕ್ಕೆ ಬಂದು ನಿಂತರೆ ಪೊಟ್ಟಣ 21ಕ್ಕೆ ಇಳಿಯಬೇಕು. ಏರಿಸುವಾಗ "ಎಣ್ಣೆ ಕಾರಣ" ಎಂದು ಗಿರಾಕಿಗೆ ಹೇಳಿದ್ದೀರಿ, ಎಣ್ಣೆ ಇಳಿದದ್ದು ಅವರಿಗೂ ಗೊತ್ತಿರುತ್ತದೆ. ಬೆಲೆ ಬದಲಿಸುವ ಮೂರ್ನಾಲ್ಕು ದಿನ ಮೊದಲೇ ಬೋರ್ಡಿನ ಕೆಳಗೆ ಒಂದು ಸಾಲು ಬರೆಯಿರಿ: "ಎಣ್ಣೆ ಬೆಲೆ ಏರಿರುವುದರಿಂದ ಸೋಮವಾರದಿಂದ ಪೊಟ್ಟಣ 22, ತಟ್ಟೆ 16. ತೂಕ ಮೊದಲಿನಷ್ಟೇ."

ಬೋರ್ಡ್ ಬದಲಾದ ಮೇಲೆ ಮೂರು ವಾರ ಪೊಟ್ಟಣ ಮತ್ತು ತಟ್ಟೆಯ ಮಾರಾಟವನ್ನು ಬೇರೆ ಬೇರೆ ಬರೆಯಿರಿ. ಮೊದಲ ವಾರದ ಇಳಿಕೆ ನೋಡಿ ತೀರ್ಮಾನಕ್ಕೆ ಬರಬೇಡಿ, ಅದು ಸ್ವಲ್ಪ ಚೇತರಿಸಿಕೊಳ್ಳುವುದುಂಟು. ಮೂರನೇ ವಾರದಲ್ಲೂ ಪೊಟ್ಟಣ 180ಕ್ಕಿಂತ ಕೆಳಗೆ ಅಥವಾ ತಟ್ಟೆ 255ಕ್ಕಿಂತ ಕೆಳಗೆ ನಿಂತಿದ್ದರೆ, ಆ ಒಂದು ಪದಾರ್ಥದ ಬೆಲೆಯನ್ನು ಒಂದು ಮೆಟ್ಟಿಲು ಇಳಿಸಿ. ಇನ್ನೊಂದನ್ನು ಹಾಗೇ ಬಿಡಿ.